ಹೇಗೆ ಮಾಡಲಿ ಸಾರ್?

ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತು, ಬಟ್ಟೆ ಕೊರಳಿಗೆ ಬಿದ್ದೊಡನೆ ಕೇಳಿಬರುವ ಮೊದಲನೆಯ ಪ್ರಶ್ನೆ, "ಹೇಗೆ ಮಾಡಲಿ ಸಾರ್?" ಎಂಬುದು. ನಮ್ಮಲ್ಲಿ ಬಹುಮಂದಿ ಇದಕ್ಕೆ "ಮೀಡಿಯಂ" ಎಂದು ಉತ್ತರ ಕೊಡುತ್ತಾರೆ. ಕೆಲವರು "ಸ್ವಲ್ಪ ಸಣ್ಣಗೆ" ಎನ್ನುತ್ತಾರೆ. ಇನ್ನು ಕೆಲವರು "ಹೋದ ಸಲದ ಹಾಗೇ" ಎಂದು ಕಣ್ಣು ಮುಚ್ಚಿಬಿಡುತ್ತಾರೆ. ಹೋದ ಸಲ ಕತ್ತರಿ ಹಿಡಿದಿದ್ದವನು ಬೇರೊಬ್ಬ ಹುಡುಗನೆಂಬುದೂ ಅವನು ಕೆಲಸ ಬಿಟ್ಟು ತಿಂಗಳಾಯಿತೆಂಬುದೂ ಅವರಿಗೆ ತಿಳಿದಿರುವುದಿಲ್ಲ. ಒಂದು ಅಂಗಿ ಹೊಲಿಸುವಾಗ ತೋಳು, ಕೊರಳು, ಎದೆ ಎಂದು ಬೇರೆ ಬೇರೆ ಅಳತೆ ಕೊಡುವ ನಾವು ತಲೆಯ ವಿಷಯದಲ್ಲಿ ಮಾತ್ರ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು. ಕೂದಲು ಬೆಳೆಯುವುದಾದರೋ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು. ಮೂರು ಸೆಂಟಿಮೀಟರು ಹೆಚ್ಚಾಗಿ ಹೋದರೆ ಮೂರು ತಿಂಗಳು ಕಾಯಬೇಕು.

ಇದನ್ನು ನಾನು ಕಲಿತದ್ದು ಕೆಲವು ವರ್ಷಗಳ ಹಿಂದೆ, ತಂಗಿಯ ಮಗಳ ಮದುವೆಯ ಹಿಂದಿನ ಸಂಜೆ. ಪರ ಊರು, ಪರಿಚಯವಿಲ್ಲದ ಅಂಗಡಿ. "ಹೇಗೆ ಮಾಡಲಿ?" ಎಂದರು. "ಒಂದಿಂಚು" ಎಂದೆ. ನನ್ನ ಮನಸ್ಸಿನಲ್ಲಿದ್ದುದು ತುದಿಯಿಂದ ಒಂದಿಂಚು ತೆಗೆಯಬೇಕೆಂದು. ಅವರು ತಿಳಿದದ್ದು ತಲೆಯ ಮೇಲೆ ಒಂದಿಂಚು ಉಳಿಯಬೇಕೆಂದು. ಎರಡೂ ನ್ಯಾಯವಾದ ಅರ್ಥಗಳೇ. ಆದರೆ ಆಗ ನನ್ನ ಕೂದಲು ನಾಲ್ಕಿಂಚು ಇದ್ದುದರಿಂದ, ಮೂರಿಂಚು ಉಳಿಯಬೇಕಾದ ಕಡೆ ಒಂದಿಂಚು ಉಳಿಯಿತು. ಮಾರನೆಯ ದಿನ ಸೋದರಮಾವನಾಗಿ ಹುಡುಗಿಯನ್ನು ಮಂಟಪಕ್ಕೆ ಕರೆತಂದವನು ನಾನೇ. ಆ ಫೋಟೋಗಳಲ್ಲಿ ಅವಳ ಪಕ್ಕದಲ್ಲಿ ನಿಂತಿರುವುದು ಟೈಫಾಯಿಡಿನಿಂದ ಎದ್ದುಬಂದವನಂತಿರುವ ಒಂದು ಆಕೃತಿ. ಅಂಗಡಿಯವರನ್ನು ಬೈಯುವಂತಿಲ್ಲ. ಹೇಳಿದ್ದನ್ನೇ ಅವರು ಮಾಡಿದ್ದರು.

ಆದುದರಿಂದ ಮೊದಲನೆಯ ಮಾತು ಇದು: ಎಷ್ಟು ತೆಗೆಯಬೇಕೆಂದು ಹೇಳಬೇಡಿ, ಎಷ್ಟು ಉಳಿಯಬೇಕೆಂದು ಹೇಳಿ. ಅದನ್ನೂ ಇಂಚಿನಲ್ಲಿ ಹೇಳುವುದಕ್ಕಿಂತ ಬೆರಳಿನಲ್ಲಿ ತೋರಿಸುವುದು ಮೇಲು. ಕ್ಷೌರಿಕರು ಕೂದಲನ್ನು ಎರಡು ಬೆರಳುಗಳ ನಡುವೆ ಎತ್ತಿ ಹಿಡಿದು, ಬೆರಳಿನ ಆಚೆಗಿರುವುದನ್ನು ಕತ್ತರಿಸುತ್ತಾರೆ. ಬೆರಳೇ ಅವರ ಅಳತೆಗೋಲು. ನೀವೂ ಕನ್ನಡಿಯ ಮುಂದೆ ಮುಂದಲೆಯ ಕೂದಲನ್ನು ಹಾಗೆಯೇ ಎತ್ತಿ ಹಿಡಿದು, "ಇಲ್ಲಿಯವರೆಗೆ ಇರಲಿ" ಎಂದರೆ ತಪ್ಪು ತಿಳಿಯಲು ಎಡೆಯಿಲ್ಲ. ನೆತ್ತಿಯ ಚರ್ಮದಿಂದ ಮೇಲಕ್ಕೆ ಬೆರಳುಗಳನ್ನು ಅಡ್ಡಲಾಗಿ ಇಟ್ಟು "ಎರಡು ಬೆರಳು", "ಮೂರು ಬೆರಳು" ಎಂದು ಹೇಳಬಹುದು. ಎರಡು ಬೆರಳಗಲವೆಂದರೆ ಹೆಚ್ಚು ಕಡಿಮೆ ಮೂರೂವರೆ ಸೆಂಟಿಮೀಟರು.

ಎರಡನೆಯದು, ತಲೆ ಒಂದೇ ಹೊಲವಲ್ಲ. ಕ್ಷೌರಿಕರ ಕಣ್ಣಿನಲ್ಲಿ ಅದಕ್ಕೆ ಮೇಲ್ಭಾಗ, ಪಕ್ಕಗಳು, ಹಿಂಭಾಗ ಎಂದು ಮೂರು ಪಾಲು. ಮೇಲ್ಭಾಗಕ್ಕೂ ಪಕ್ಕಕ್ಕೂ ಗಡಿ ಎಲ್ಲಿ? ಒಂದು ಬಾಚಣಿಗೆಯನ್ನು ಕಿವಿಯ ಮೇಲೆ ತಲೆಗೆ ಒತ್ತಿ ನೆಟ್ಟಗೆ ನಿಲ್ಲಿಸಿ ನೋಡಿ. ಗೋಡೆಯಂತಿರುವ ಪಕ್ಕ ಮುಗಿದು, ತಲೆ ಚಾವಣಿಯಂತೆ ಒಳಕ್ಕೆ ಬಾಗುವ ಕಡೆ ಬಾಚಣಿಗೆ ತಲೆಯನ್ನು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಆ ತಿರುವೇ ಗಡಿ. ಮೆಷಿನ್ನನ್ನು ಈ ತಿರುವಿನ ಕೆಳಗೇ ನಿಲ್ಲಿಸಿದರೆ ಮೇಲಿನ ಕೂದಲಿಗೆ ಮೈ ಉಳಿಯುತ್ತದೆ. ತಿರುವು ದಾಟಿ ಮೇಲೆ ಓಡಿಸಿದರೆ ಪಕ್ಕದಲ್ಲಿ ಕಡಿಮೆ ಮಾಡಿಸಲು ಹೋದವನ ತಲೆ ತೆಂಗಿನಕಾಯಿಯ ಜುಟ್ಟಿನಂತಾಗುತ್ತದೆ. "ಪಕ್ಕ ಕಡಿಮೆ ಮಾಡಿ" ಎನ್ನುವವರು ಎಷ್ಟು ಎತ್ತರದವರೆಗೆ ಎಂಬುದನ್ನು ಬೆರಳಿಟ್ಟು ತೋರಿಸಬೇಕಾದದ್ದು ಇದಕ್ಕಾಗಿ.

ಇನ್ನೊಂದು ಎಡೆ ಸುಳಿ. ನೆತ್ತಿಯ ಹಿಂದೆ ಕೂದಲು ಚಕ್ರದಂತೆ ತಿರುಗಿ ಹುಟ್ಟುವ ಜಾಗವದು. ಕೆಲವರಿಗೆ ಎರಡು ಇರುವುದೂ ಉಂಟು. ಅಲ್ಲಿ ಕೂದಲು ಉದ್ದವಿದ್ದಷ್ಟು ಕಾಲ ತನ್ನ ಭಾರದಿಂದಲೇ ಮಲಗಿರುತ್ತದೆ. ಒಂದು ಮಿತಿಗಿಂತ ಗಿಡ್ಡವಾದರೆ ಭಾರ ಸಾಲದೆ ಎದ್ದು ನಿಲ್ಲುತ್ತದೆ. ಎಣ್ಣೆ ಹಚ್ಚಿದರೂ ಬಗ್ಗದು. ಮನೆಯಲ್ಲಿ ಬೆಳಿಗ್ಗೆ ಎದ್ದಾಗ ಎಲ್ಲಿ ಕೂದಲು ನಿಂತಿರುತ್ತದೆಂಬುದು ನಿಮಗೆ ಗೊತ್ತು, ಒದ್ದೆ ಮಾಡಿ ಬಾಚಿದ ತಲೆಯನ್ನು ನೋಡುವ ಕ್ಷೌರಿಕರಿಗೆ ಅದು ಕಾಣದೆ ಹೋಗಬಹುದು. "ಇಲ್ಲಿ ಸುಳಿ ಇದೆ, ಅರ್ಧ ಬೆರಳು ಹೆಚ್ಚಾಗಿ ಬಿಡಿ" ಎಂದು ಹೇಳಿಬಿಡುವುದು ಕ್ಷೇಮ. ದಟ್ಟವಾದ ಕೂದಲನ್ನು ತೆಳುಮಾಡಲು ಬಾಚಣಿಗೆಯಂತೆ ಹಲ್ಲುಗಳಿರುವ ಕತ್ತರಿಯನ್ನು ಬಳಸುತ್ತಾರಲ್ಲ, ಅದನ್ನು ಸುಳಿಯ ಹತ್ತಿರ ಆಡಿಸದಿರುವಂತೆ ಕೇಳಿಕೊಳ್ಳಿ. ಈ ಕತ್ತರಿಯ ಮಾತು ಬಂದಾಗ ಒಂದು ಭೇದವನ್ನೂ ಗಮನಿಸಬೇಕು. "ಕೂದಲು ಜಾಸ್ತಿಯಾಗಿದೆ" ಎಂದರೆ ಉದ್ದ ಜಾಸ್ತಿಯೋ ದಟ್ಟ ಜಾಸ್ತಿಯೋ? ಒಂದಕ್ಕೆ ಮಾಮೂಲು ಕತ್ತರಿ, ಇನ್ನೊಂದಕ್ಕೆ ಹಲ್ಲಿನ ಕತ್ತರಿ. ಯಾವುದೆಂದು ಹೇಳದಿದ್ದರೆ ಅವರು ಊಹಿಸಬೇಕಾಗುತ್ತದೆ.

ಈಗ ನಂಬರಿನ ವಿಷಯಕ್ಕೆ ಬರೋಣ. ಕೈಯಿಂದ ಒತ್ತುವ ಮೆಷಿನ್ನು ಕತ್ತಿನ ಹಿಂದೆ ಕಟಕಟ ಎಂದು ಓಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಎರಡು ಕೂದಲನ್ನು ಕಿತ್ತೇ ಮುಂದೆ ಹೋಗುತ್ತಿತ್ತು. ಅಮೆರಿಕದ ಇಲಿನಾಯ್ ಸಂಸ್ಥಾನದ ಸ್ಟರ್ಲಿಂಗ್ ಎಂಬ ಊರಿನ ಲಿಯೋ ವಾಲ್ ಎಂಬಾತ ೧೯೧೯ರಲ್ಲಿ ವಿದ್ಯುತ್ತಿನಿಂದ ನಡೆಯುವ ಮೆಷಿನ್ನಿನ ಪೇಟೆಂಟಿಗೆ ಅರ್ಜಿ ಹಾಕಿ ೧೯೨೧ರಲ್ಲಿ ಪಡೆದ. ಇಂದು ಅಂಗಡಿಗಳಲ್ಲಿ ಗುಂಯ್‌ಗುಟ್ಟುವುದು ಅದರ ಸಂತತಿಯೇ. ಇದರ ಬಾಯಿಗೆ ಪ್ಲಾಸ್ಟಿಕ್ಕಿನ ಬಾಚಣಿಗೆಗಳನ್ನು ಸಿಕ್ಕಿಸುತ್ತಾರೆ. ಬಾಚಣಿಗೆ ಎಷ್ಟು ದಪ್ಪವೋ ಅಷ್ಟು ಕೂದಲು ತಲೆಯ ಮೇಲೆ ಉಳಿಯುತ್ತದೆ. ಅವುಗಳ ಮೇಲಿನ ಅಂಕಿ ಇಂಚಿನ ಎಂಟನೆಯ ಒಂದು ಪಾಲಿನ ಲೆಕ್ಕದಲ್ಲಿದೆ: ನಂಬರ್ ಒಂದು ಎಂದರೆ ಸುಮಾರು ೩ ಮಿಲಿಮೀಟರು, ಎರಡು ಎಂದರೆ ೬, ಮೂರು ಎಂದರೆ ೧೦, ನಾಲ್ಕು ಎಂದರೆ ಅರ್ಧ ಇಂಚು, ಅಂದರೆ ೧೩. ಒಂದರಲ್ಲಿ ತಲೆಯ ಚರ್ಮ ಚೆನ್ನಾಗಿ ಕಾಣುತ್ತದೆ. ಕಪ್ಪು ಕೂದಲು ದಟ್ಟವಾಗಿರುವವರಿಗೆ ಮೂರರ ಹೊತ್ತಿಗೆ ಚರ್ಮ ಬಹುಮಟ್ಟಿಗೆ ಮರೆಯಾಗುತ್ತದೆ.

ಇಲ್ಲೊಂದು ಹೊಂಡವಿದೆ. ಮನೆಯಲ್ಲಿ ಗಡ್ಡಕ್ಕೆ ಬಳಸುವ ಟ್ರಿಮ್ಮರುಗಳಲ್ಲಿಯೂ ಅಂಕಿಗಳಿರುತ್ತವೆ. ಅವುಗಳಲ್ಲಿ ಹಲವು ನೇರವಾಗಿ ಮಿಲಿಮೀಟರುಗಳು. ಟ್ರಿಮ್ಮರಿನ ಮೂರು ಅಂಗಡಿಯ ಮೆಷಿನ್ನಿನ ಒಂದಕ್ಕೆ ಸಮ. ಮೆಷಿನ್ನಿನ ಮೂರನ್ನು ಮನಸ್ಸಿನಲ್ಲಿಟ್ಟು, ಟ್ರಿಮ್ಮರ್ ಹಿಡಿದವರ ಮುಂದೆ "ಮೂರು" ಎಂದರೆ ಹತ್ತು ಮಿಲಿಮೀಟರು ಇರಬೇಕಾದಲ್ಲಿ ಮೂರೇ ಉಳಿಯುತ್ತದೆ. ಆದುದರಿಂದ ನಂಬರಿನ ಜೊತೆಗೆ "ಚರ್ಮ ಕಾಣಬಾರದು" ಎಂದೋ "ಸ್ವಲ್ಪ ಕಾಣಲಿ" ಎಂದೋ ಒಂದು ಮಾತು ಸೇರಿಸಬೇಕು. ಇಷ್ಟಾದರೂ ಅನುಮಾನವಿದ್ದರೆ, "ಮೊದಲು ನಾಲ್ಕರಲ್ಲಿ ಒಂದು ಪಕ್ಕ ಓಡಿಸಿ, ನೋಡೋಣ" ಎನ್ನಿ. ನಾಲ್ಕರಿಂದ ಮೂರಕ್ಕೆ ಇಳಿಯಲು ಎರಡು ನಿಮಿಷ ಸಾಕು. ಮೂರರಿಂದ ನಾಲ್ಕಕ್ಕೆ ಏರಲು ಹತ್ತು ದಿನವಾದರೂ ಬೇಕು.

ಈಚೆಗೆ ಹುಡುಗರ ಬಾಯಲ್ಲಿ ಫೇಡ್ ಎಂಬ ಮಾತು ಹೆಚ್ಚು. ಕೆಳಗೆ ಚರ್ಮದ ಮಟ್ಟದಿಂದ ಆರಂಭವಾಗಿ, ಮೇಲೆ ಹೋದಂತೆ ಒಂದು, ಎರಡು, ಮೂರು ಎಂದು ಗೆರೆ ಕಾಣದಂತೆ ದಟ್ಟವಾಗುತ್ತ ಹೋಗುವುದಕ್ಕೆ ಈ ಹೆಸರು. ಬೋಳು ಭಾಗ ಕಿವಿಯ ಮೇಲಂಚಿನಲ್ಲೇ ಮುಗಿದರೆ ಲೋ, ಕಣತಲೆಯ ಹತ್ತಿರ ಮುಗಿದರೆ ಮಿಡ್, ಅದಕ್ಕೂ ಮೇಲೇರಿದರೆ ಹೈ. ಸುಮ್ಮನೆ "ಫೇಡ್" ಎಂದರೆ ಈ ಮೂರರಲ್ಲಿ ಯಾವುದಾದರೂ ಆಗಬಹುದು.

ಇಷ್ಟೆಲ್ಲ ಮಾತೇಕೆ, ಒಂದು ಫೋಟೋ ತೋರಿಸಿದರೆ ಸಾಲದೆ ಎಂದು ನೀವು ಕೇಳಬಹುದು. ಕಳೆದ ವರ್ಷ ನನ್ನ ಸೋದರಳಿಯನೂ ಹಾಗೆಯೇ ಕೇಳಿದ. ಹಿಂದೆ ಮದುವೆಯಾದ ಹುಡುಗಿಯ ತಮ್ಮನೇ ಅವನು. ಈಗ ಅವನ ಮದುವೆ. "ಮಾವ, ನಿಮ್ಮ ಹಾಗೆ ಮಾತಾಡಿ ಕೆಡಿಸಿಕೊಳ್ಳುವುದಿಲ್ಲ, ನನ್ನ ಹತ್ತಿರ ಫೋಟೋ ಇದೆ" ಎಂದು ಮೊಬೈಲನ್ನು ಮುಂದೆ ಹಿಡಿದ. ಒಬ್ಬ ಚಲನಚಿತ್ರ ನಟನ ಮುಖ. ಮದುವೆಗೆ ಇನ್ನು ಹನ್ನೆರಡು ದಿನವಿತ್ತು. ನಾನೇ ಅವನನ್ನು ನಮ್ಮ ಬಡಾವಣೆಯ ಹಿರಿಯ ಕ್ಷೌರಿಕರ ಬಳಿಗೆ ಕರೆದುಕೊಂಡು ಹೋದೆ. ಅವರು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇದರಲ್ಲಿ ನಿಮಗೆ ಬೇಕಾದ್ದು ಯಾವುದು ತಮ್ಮಾ?" ಎಂದರು.

"ಇದೇ, ಹೀಗೇ."

"ಹೀಗೇ ಅಂದರೆ ಮುಖವೂ ಸೇರಿತಲ್ಲ. ಕೂದಲಲ್ಲಿ ಯಾವುದು? ಮುಂದೆ ಎತ್ತಿ ನಿಂತಿದೆಯಲ್ಲ, ಅದೋ? ಪಕ್ಕದಲ್ಲಿ ಕಡಿಮೆ ಇದೆಯಲ್ಲ, ಅದೋ? ಹಣೆಯ ಮೇಲಿನ ಈ ಅಲೆಯೋ?"

ಹುಡುಗ ಸ್ವಲ್ಪ ಯೋಚಿಸಿದ. ಪಕ್ಕ ಕಡಿಮೆಯಿರುವುದು ಮತ್ತು ಮುಂದೆ ಎತ್ತಿ ನಿಂತಿರುವುದು, ಇವೆರಡೇ ತನಗೆ ಹಿಡಿಸಿದ್ದೆಂದು ಹೇಳಿದ. ಕ್ಷೌರಿಕರು ವಿವರಿಸಿದ್ದನ್ನು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ನಟನದು ಅಲೆಯಲೆಯಾದ ಕೂದಲು. ನಮ್ಮವನದು ನೆಟ್ಟಗೆ, ದಪ್ಪ ಎಳೆಯದು. ಅಲೆಯ ಕೂದಲು ತಾನಾಗಿ ಉಬ್ಬಿ ನಿಲ್ಲುತ್ತದೆ. ನೆಟ್ಟಗಿನ ಕೂದಲು ಅಷ್ಟೇ ಉದ್ದವಿದ್ದರೆ ಹಣೆಗೆ ಬೀಳುತ್ತದೆ, ಆದುದರಿಂದ ಅದನ್ನು ಇನ್ನಷ್ಟು ಗಿಡ್ಡ ಮಾಡಿದರೇ ನಿಲ್ಲುವುದು. ಅಲ್ಲದೆ ಫೋಟೋದಲ್ಲಿ ಕಾಣುವ ಎತ್ತರದಲ್ಲಿ ಅರ್ಧ ಕತ್ತರಿಯದಾದರೆ ಅರ್ಧ ಜೆಲ್ಲಿನದು ಮತ್ತು ಬಿಸಿಗಾಳಿಯದು. ಅದನ್ನು ದಿನವೂ ಬೆಳಿಗ್ಗೆ ಹದಿನೈದು ನಿಮಿಷ ಮಾಡಬಲ್ಲವನಿಗೆ ಮಾತ್ರ ಅದು ನಿಲ್ಲುತ್ತದೆ. ಫೋಟೋ ಎದುರಿನಿಂದ ತೆಗೆದದ್ದು. ಪಕ್ಕ ನೆರಳಿನಲ್ಲಿತ್ತು, ಹಿಂದೆ ಏನಿದೆಯೆಂದು ದೇವರೇ ಬಲ್ಲ. ನೆರಳಿನಲ್ಲಿ ಎರಡು ನಂಬರಿನ ಕೂದಲೂ ನಾಲ್ಕರ ಹಾಗೆ ಕಪ್ಪಾಗಿ ಕಾಣುತ್ತದೆ.

"ಮೂರು ಫೋಟೋ ಬೇಕು ಸಾರ್" ಎಂದರು ನನ್ನ ಕಡೆ ತಿರುಗಿ. "ಎದುರಿನದೊಂದು, ಪಕ್ಕದ್ದೊಂದು, ಹಿಂದಿನದೊಂದು. ಇವರ ತಲೆಯಂಥದೇ ಕೂದಲಿರುವವರದಾದರೆ ವಾಸಿ. ಇವರದೇ ಆದರೆ ಇನ್ನೂ ವಾಸಿ."

ಮೊಬೈಲಿನಲ್ಲಿ ಹುಡುಕಿದಾಗ ಎರಡು ವರ್ಷದ ಹಿಂದಿನ ಕಾಲೇಜು ವಾರ್ಷಿಕೋತ್ಸವದ ಚಿತ್ರವೊಂದು ಸಿಕ್ಕಿತು. ಪಕ್ಕದಿಂದ ತೆಗೆದದ್ದು, ಹಗಲು ಬೆಳಕಿನದು. "ಇದು ಚೆನ್ನಾಗಿತ್ತು, ಎಲ್ಲರೂ ಹೇಳಿದ್ದರು" ಎಂದ ಹುಡುಗ. ಅಲ್ಲಿಗೆ ಪಕ್ಕದ ಪ್ರಶ್ನೆ ಬಗೆಹರಿಯಿತು. ನಟನ ಫೋಟೋ ಮುಂದಲೆಯ ಆಕಾರಕ್ಕೆ ಮಾತ್ರ ಉಳಿಯಿತು. ಆದರೆ ಇನ್ನೊಂದು ತೊಡಕು ಬಂತು. ಅವನು ತಾನೇ ತೆಗೆದುಕೊಂಡ ಮತ್ತೊಂದು ಚಿತ್ರದಲ್ಲಿ ಬೈತಲೆ ಬಲಗಡೆಗಿತ್ತು. ಇವನು ಬಾಚುವುದು ಎಡಕ್ಕೆ. ಮೊಬೈಲಿನ ಮುಂದಿನ ಕ್ಯಾಮೆರಾದಿಂದ ತೆಗೆದದ್ದನ್ನು ಕೆಲವು ಮೊಬೈಲುಗಳು ಕನ್ನಡಿಯಲ್ಲಿ ಕಂಡ ಹಾಗೆಯೇ, ಎಡಬಲ ತಿರುಗಿಸಿ ಉಳಿಸುತ್ತವೆ. ಅದನ್ನು ನಂಬಿ ಬೈತಲೆ ಹಾಕಿದ್ದರೆ ಇಡೀ ಮೇಲ್ಭಾಗ ತಿರುವುಮುರುವಾಗುತ್ತಿತ್ತು. ಅಂಗಿಯ ಜೇಬು ಯಾವ ಕಡೆಗಿದೆ ಎಂದು ನೋಡಿದರೆ ಈ ಮೋಸ ಹೊರಬೀಳುತ್ತದೆ: ಜೇಬು ಬಲ ಎದೆಯ ಮೇಲೆ ಕಂಡರೆ ಚಿತ್ರ ತಿರುಗಿದೆ ಎಂದೇ ಅರ್ಥ.

ನಾನು ಮರೆತಿದ್ದ, ಹುಡುಗನಿಗೆ ತೋಚದೇ ಇದ್ದ ಒಂದು ಮಾತನ್ನೂ ಅವರೇ ಎತ್ತಿದರು. "ಮದುವೆ ಅಂದಿರಿ. ಪೇಟ ಇಡುತ್ತಾರೆ, ಬಾಸಿಂಗ ಕಟ್ಟುತ್ತಾರೆ. ಮುಂದೆ ಎತ್ತರ ನಿಲ್ಲಿಸಿದರೆ ಪೇಟ ತೆಗೆದಮೇಲೆ ಹೇಗಿರುತ್ತೆ?" ಪೇಟದ ಕೆಳಗೆ ಕಾಣುವುದು ಪಕ್ಕ, ಕತ್ತಿನ ಹಿಂಭಾಗ ಮತ್ತು ಕಿವಿಯ ಮುಂದಿನ ಸೈಡ್‌ಲಾಕ್ ಮಾತ್ರ. ಮದುವೆಯ ಫೋಟೋಕ್ಕೆ ಮುಖ್ಯವಾದವು ಅವೇ. ನಮ್ಮ ಹುಡುಗ ಒಂದು ಮಾತನ್ನೂ ಆಡದೆ ಬಿಟ್ಟಿದ್ದವೂ ಅವೇ.

ಕಡೆಗೆ ನಿಶ್ಚಯವಾದದ್ದು ಇಷ್ಟು. ಪಕ್ಕಕ್ಕೂ ಹಿಂದಕ್ಕೂ ಮೂರು ನಂಬರು, ತಿರುವಿನ ಕೆಳಗೇ ನಿಲ್ಲಬೇಕು. ಕಿವಿಯ ಸುತ್ತ ಮತ್ತು ಕತ್ತಿನಲ್ಲಿ ಎರಡು, ಒಂದು ಎಂದು ಇಳಿಯಬೇಕು, ಚರ್ಮ ಬೋಳಾಗಬಾರದು. ಮೇಲೆ ಕತ್ತರಿಯ ಕೆಲಸ: ಮುಂದಲೆಯಲ್ಲಿ ಮೂರು ಬೆರಳು ಉಳಿದು, ಹಿಂದಕ್ಕೆ ಹೋದಂತೆ ಎರಡಕ್ಕೆ ಇಳಿದು, ಸುಳಿಯ ಹತ್ತಿರ ಮತ್ತೆ ಅರ್ಧ ಬೆರಳು ಹೆಚ್ಚು. ಬೈತಲೆ ಎಡಕ್ಕೆ. ಸೈಡ್‌ಲಾಕ್ ಕಿವಿಯ ನಡುಮಟ್ಟಕ್ಕೆ. ಕತ್ತಿನ ಹಿಂದೆ ಗೆರೆ ಎಳೆದು ಚೌಕ ಮಾಡದೆ, ಕೂದಲು ತಾನಾಗಿ ಮುಗಿಯುವ ಕಡೆ ಸಣ್ಣದಾಗುತ್ತ ಕರಗಬೇಕು. ಈ ಕೊನೆಯದಕ್ಕೆ ಕಾರಣವುಂಟು. ಚೌಕ ಮಾಡಿಸಿದ ಕತ್ತು ಮಾಡಿಸಿದ ದಿನ ಅಂದವಾಗಿ ಕಾಣುತ್ತದೆ, ವಾರ ಕಳೆಯುವುದರೊಳಗೆ ಗೆರೆಯ ಕೆಳಗೆ ಮೊಳಕೆಯೊಡೆದು ಕೊಳಕಾಗುತ್ತದೆ. ಕರಗಿಸಿದ ಕತ್ತು ಮೂರು ವಾರ ಮರ್ಯಾದೆಯಾಗಿರುತ್ತದೆ.

ಮದುವೆಗೆ ಏಳೆಂಟು ದಿನ ಮೊದಲು ಮಾಡಿಸುವುದೆಂದೂ ಅಲ್ಲಿಯೇ ಗೊತ್ತಾಯಿತು. ಆ ವಾರದಲ್ಲಿ ಎರಡು ಮೂರು ಮಿಲಿಮೀಟರು ಬೆಳೆದು ಹೊಸ ಕತ್ತರಿಯ ಗಡಸು ಹೋಗುತ್ತದೆ. ಬಿಸಿಲು ಕಾಣದೆ ಬಿಳಿಚಿಕೊಂಡ ಕಿವಿಯ ಸುತ್ತಿನ ಚರ್ಮವೂ ಮುಖದ ಬಣ್ಣಕ್ಕೆ ಹತ್ತಿರ ಬರುತ್ತದೆ. ಎಲ್ಲಾದರೂ ಉದ್ದ ಉಳಿದಿದ್ದರೆ ಇನ್ನೊಮ್ಮೆ ಬಂದು ತೆಗೆಸಲೂ ಸಮಯವಿರುತ್ತದೆ.

ಕುರ್ಚಿಯಲ್ಲಿ ಕುಳಿತ ಮೇಲೆ ಗಮನಿಸಬೇಕಾದವು ಎರಡೇ. ಕನ್ನಡಕ ಹಾಕುವವರು ಅದನ್ನು ತೆಗೆಯುವ ಮೊದಲೇ ಎಲ್ಲವನ್ನೂ ತೋರಿಸಿ ಹೇಳಿ ಮುಗಿಸಬೇಕು. ನನ್ನಂಥವರಿಗೆ ಕನ್ನಡಕವಿಲ್ಲದೆ ಕನ್ನಡಿಯಲ್ಲಿ ಕಾಣುವುದು ಒಂದು ಬಿಳಿಯ ಬಟ್ಟೆ, ಅದರ ಮೇಲೊಂದು ಮಸುಕು ಮಾತ್ರ. ಅರ್ಧ ಕೆಲಸವಾದಾಗ ಒಮ್ಮೆ ನಿಲ್ಲಿಸಿ ಕನ್ನಡಕ ಕೇಳಿ ಹಾಕಿಕೊಂಡು ನೋಡುವುದರಲ್ಲಿ ಸಂಕೋಚವಿಲ್ಲ. ಎರಡನೆಯದು ನೀರು. ಒದ್ದೆ ಕೂದಲು ಹಿಗ್ಗಿ ನೆಟ್ಟಗಾಗುತ್ತದೆ. ಒಣಗಿದಾಗ ಮೇಲಕ್ಕೆ ಸೇರುತ್ತದೆ, ಗುಂಗುರು ಕೂದಲಾದರಂತೂ ಬಹಳ. ಒದ್ದೆಯಿದ್ದಾಗ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದ ಮುಂಗೂದಲು ಒಣಗಿದ ಮೇಲೆ ಹಣೆಯ ನಡುವೆ ನಿಂತಿರುವುದನ್ನು ಹೆಣ್ಣುಮಕ್ಕಳಿರುವ ಮನೆಯವರೆಲ್ಲ ಕಂಡಿರುತ್ತಾರೆ. ಅವರ ಜಡೆಯ ತುದಿ ಕತ್ತರಿಸುವಾಗಲೂ ಇದೇ ಮಾತು: ಬೆನ್ನಿನ ಮೇಲೆ ಎಲ್ಲಿಯವರೆಗೆ ಉಳಿಯಬೇಕೆಂದು ಒಣಕೂದಲಿನಲ್ಲಿಯೇ ಕೈಯಿಟ್ಟು ತೋರಿಸಬೇಕು.

ಕೆಲಸ ಮುಗಿದಾಗ ಹಿಂದೆ ಕೈಗನ್ನಡಿ ಹಿಡಿಯುತ್ತಾರೆ. ನಾವು ಅಭ್ಯಾಸಬಲದಿಂದ ತಲೆಯಾಡಿಸುತ್ತೇವೆ. ಅದರ ಬದಲು ಎರಡು ತೋರುಬೆರಳುಗಳನ್ನು ಎರಡು ಸೈಡ್‌ಲಾಕಿನ ತುದಿಗೆ ಇಟ್ಟು, ಸಮವಾಗಿದೆಯೇ ಎಂದು ಎದುರಿನ ಕನ್ನಡಿಯಲ್ಲಿ ನೋಡಿ. ನಿಮ್ಮ ಎರಡು ಕಿವಿಗಳೇ ಸಮನಾಗಿಲ್ಲದಿರಬಹುದು, ಆದುದರಿಂದ ಕಿವಿಯನ್ನು ಅಳತೆಯಾಗಿ ಹಿಡಿಯಬೇಡಿ. ಬಳಿಕ ಕೂದಲನ್ನು ಬಾಚಿದ ದಿಕ್ಕಿಗೆ ವಿರುದ್ಧವಾಗಿ ಒಮ್ಮೆ ಕೈಯಾಡಿಸಿದರೆ ಎಲ್ಲಿ ಮೆಟ್ಟಿಲು ಉಳಿದಿದೆಯೆಂದು ಬೆರಳಿಗೇ ಸಿಗುತ್ತದೆ.

ಮದುವೆಯ ದಿನ ಸೋದರಳಿಯನ ತಲೆ ಹೇಗಿತ್ತೆಂದು ಹೇಳಬೇಕಲ್ಲ. ಪೇಟ ತೆಗೆದಾಗ ಮುಂದಲೆ ಚಪ್ಪಟೆಯಾಗಿಯೇ ಇತ್ತು, ನಾಲ್ಕು ಸಲ ಬೆರಳಾಡಿಸಿದ ಮೇಲೆ ಎದ್ದಿತು. ಪಕ್ಕ, ಕತ್ತು ಎರಡೂ ಚೆನ್ನಾಗಿದ್ದವು. ಊಟದ ಹೊತ್ತಿನಲ್ಲಿ ಅವನನ್ನು ಬಿಸಿಲಿಗೆ ನಿಲ್ಲಿಸಿ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಮೂರು ಫೋಟೋ ತೆಗೆಸಿದೆ. ಛತ್ರದವರೆಲ್ಲ ಇದೇನು ಪೊಲೀಸರ ಪದ್ಧತಿ ಎಂದು ನಕ್ಕರು. ಆ ಮೂರೂ ಅವನ ಮೊಬೈಲಿನಲ್ಲಿವೆ. ಈಗ ಅವನಿರುವ ಪುಣೆಯಲ್ಲಿ, ಭಾಷೆ ಸರಿಯಾಗಿ ಬಾರದ ಅಂಗಡಿಯಲ್ಲಿ, ಅವನ್ನೇ ತೋರಿಸಿ "ಪಕ್ಕಕ್ಕೆ ಮೂರು, ಚರ್ಮ ಕಾಣಬಾರದು" ಎಂಬಷ್ಟನ್ನು ಮಾತ್ರ ಮರಾಠಿಯಲ್ಲಿ ಕಲಿತು ಹೇಳುತ್ತಾನಂತೆ.